ಮಕ್ಕಳ ಕನ್ನಡ ಪಾಠಕ್ಕೆ ‘ಮನೆ ಊಟ’: ಐದು ಎಐ ವಿಡಿಯೋ ಪ್ರಾಂಪ್ಟ್‌ಗಳು

ಎಲ್ಲ ಶಾಟ್‌ಗೂ ಮೊದಲು ಹಾಕುವ ಭಾಗ

ಕರ್ನಾಟಕದ ಮನೆಯೊಂದರ ದಿನನಿತ್ಯದ ದೃಶ್ಯ, ಈಗಿನ ಕಾಲದ್ದು. ಹಬ್ಬ ಅಲ್ಲ, ಮದುವೆ ಅಲ್ಲ, ಪ್ರವಾಸಿಗರನ್ನು ಕರೆಯುವ ಜಾಹೀರಾತೂ ಅಲ್ಲ. ಮನೆಯವರು ಕ್ಯಾಮೆರಾ ನೋಡುವುದಿಲ್ಲ, ಕೈ ಮುಗಿಯುವುದಿಲ್ಲ, ಕಾರಣವಿಲ್ಲದೆ ನಗುವುದಿಲ್ಲ. ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದಾರೆ. ಚರ್ಮದ ಬಣ್ಣ ಒಂದೇ ಮನೆಯಲ್ಲೂ ಬೇರೆ ಬೇರೆ: ಕಪ್ಪು, ಎಣ್ಣೆಗೆಂಪು, ಗೋಧಿ ಬಣ್ಣ. ಮುಖಕ್ಕೆ ಮೇಕಪ್ ಇಲ್ಲ. ಬಟ್ಟೆ ಒಗೆದು ಒಗೆದು ಮಾಸಿದ್ದು. ಹಗಲಲ್ಲಿ ಬೆಳಕು ಕಿಟಕಿಯಿಂದ ಬರುವ ಬಿಳಿ ಬೆಳಕು. ಕೇಸರಿ ಛಾಯೆ, ಹೊಗೆ, ದೂಳಿನ ಕಿರಣ ಬೇಡ. ಕ್ಯಾಮೆರಾ ದೃಶ್ಯದಲ್ಲಿರುವವರ ಕಣ್ಣಿನ ಎತ್ತರದಲ್ಲಿ ನಿಂತಲ್ಲೇ ನಿಂತಿದೆ. 16:9, 8 ಸೆಕೆಂಡ್, ಒಂದೇ ಶಾಟ್, ನಡುವೆ ಕಟ್ ಇಲ್ಲ. ಸಂಗೀತ ಬೇಡ, ಅಡುಗೆಮನೆಯ ಸದ್ದು ಸಾಕು. ಫ್ರೇಮಿನಲ್ಲಿ ಎಲ್ಲೂ ಅಕ್ಷರ ಇರಬಾರದು: ಕ್ಯಾಲೆಂಡರ್ ಇದ್ದರೆ ಫೋಕಸ್‌ನಿಂದ ಆಚೆ, ಡಬ್ಬಗಳ ಮೇಲೆ ಲೇಬಲ್ ಇಲ್ಲ. ಕನ್ನಡ ಪದಗಳನ್ನು ಎಡಿಟಿಂಗ್‌ನಲ್ಲಿ ನಾವೇ ಹಾಕುತ್ತೇವೆ.

ಶಾಟ್ 1: ಮುದ್ದೆ

ಮಂಡ್ಯ ಕಡೆಯ ಹಳ್ಳಿ ಮನೆ, ಮಧ್ಯಾಹ್ನ. ಆರ್‌ಸಿಸಿ ಮನೆ, ತಿಳಿ ಹಸಿರು ಗೋಡೆ, ಕೆಂಪು ರೆಡ್‌ಆಕ್ಸೈಡ್ ನೆಲ. ಗುಡಿಸಲು ಬೇಡ, ಕಂಬಗಳ ತೊಟ್ಟಿ ಮನೆಯೂ ಬೇಡ. ಮೂಲೆಯಲ್ಲಿ ಫ್ರಿಜ್, ಅದರ ಮೇಲೆ ಕ್ರೋಶ ಹೊದಿಕೆ. ಸುಮಾರು 60 ವರ್ಷದ ಗಂಡಸು ಚೌಕಳಿ ಲುಂಗಿ, ಬಿಳಿ ಬನಿಯನ್ ತೊಟ್ಟು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತಿದ್ದಾರೆ. ಹೆಗಲ ಮೇಲೆ ಟವೆಲ್. ತಲೆಗೆ ಪೇಟ ಇಲ್ಲ. ಮನೆಯೊಳಗೆ ಊಟಕ್ಕೆ ಯಾರು ಪೇಟ ಸುತ್ತಿಕೊಂಡು ಕೂರುತ್ತಾರೆ?

ಮುಂದೆ ಅಂಚಿರುವ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಒಂದೇ ಒಂದು ರಾಗಿ ಮುದ್ದೆ, ದೊಡ್ಡ ಕಿತ್ತಳೆ ಹಣ್ಣಿನ ಗಾತ್ರ. ಬಣ್ಣ ಬೂದು ಬೆರೆತ ಕಡು ಕಂದು. ಮೇಲ್ಮೈ ನಯ, ಒದ್ದೆಯಾದ್ದರಿಂದ ಅಲ್ಪ ಹೊಳಪು, ಚಾಕೊಲೇಟಿನ ಮಿಂಚು ಇಲ್ಲ, ಲಾಡಿನ ಕಾಳುಕಾಳೂ ಇಲ್ಲ. ಪಕ್ಕದಲ್ಲಿ ಬಸ್ಸಾರು: ತೆಳು, ಕಂದುಗೆಂಪು, ತಟ್ಟೆಯೊಳಗೇ ಹರಡಿಕೊಂಡಿದೆ. ಇನ್ನೊಂದು ಅಂಚಿನಲ್ಲಿ ಸೊಪ್ಪು ಕಾಳಿನ ಪಲ್ಯ, ಒಂದು ಈರುಳ್ಳಿ ಹೋಳು.

ಬಲಗೈಯ ಬೆರಳುಗಳಿಂದ ಮುದ್ದೆಯ ಅಂಚನ್ನು ಚಿವುಟುತ್ತಾರೆ. ತುಂಡನ್ನು ಬೆರಳಲ್ಲೇ ಉಂಡೆ ಮಾಡಿ, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡು ಹಾಗೇ ನುಂಗುತ್ತಾರೆ. ದವಡೆ ಆಡಬಾರದು, ಗಂಟಲು ಮಾತ್ರ ಮೇಲೆ ಕೆಳಗೆ ಹೋಗಬೇಕು. ಈ ಶಾಟ್‌ನ ಪಾಠವೇ ಇದು: ಮುದ್ದೆ ಅಗಿಯುವುದಲ್ಲ, ನುಂಗುವುದು. ಚಿವುಟಿದ ಜಾಗದಲ್ಲಿ ಗುಳಿ ಉಳಿದಿರಬೇಕು, ಮುದ್ದೆ ಮತ್ತೆ ಪೂರ್ತಿ ಗುಂಡಗಾಗಬಾರದು. ಎಡಗೈ ತೊಡೆಯ ಮೇಲಿದೆ. ಚಮಚ ಇಲ್ಲ.

ಶಾಟ್ 2: ರೊಟ್ಟಿ ಬಡಿಯೋದು

ಬಾಗಲಕೋಟೆ ಕಡೆಯ ಅಡುಗೆಮನೆ, ಬೆಳಗ್ಗೆ. ನೆಲದ ಮೇಲಿನ ಗ್ಯಾಸ್ ಒಲೆ, ಎರಡು ಬರ್ನರ್, ಒಂದು ಮಾತ್ರ ಹೊತ್ತಿದೆ, ನೀಲಿ ಉರಿ. ಸುಮಾರು 65 ವರ್ಷದ ಅಜ್ಜಿ ಇಳಕಲ್ ಸೀರೆ ಉಟ್ಟಿದ್ದಾರೆ: ಹತ್ತಿಯದು, ಕಡು ಹಸಿರು ಒಡಲು, ಕೆಂಪು ಅಂಚು, ಕೆಂಪು ಬಿಳಿ ಸೆರಗು. ಖಣದ ಕುಪ್ಪಸ. ಸೆರಗು ಎಡ ಹೆಗಲ ಮೇಲಿಂದ ಬಂದು ಸೊಂಟಕ್ಕೆ ಸಿಕ್ಕಿಸಿದೆ. ಶಾಟ್ ಮುಗಿಯುವವರೆಗೂ ಎಡಕ್ಕೇ ಇರಲಿ. ಕೈಯಲ್ಲಿ ಹಸಿರು ಗಾಜಿನ ಬಳೆ, ಕೊರಳಲ್ಲಿ ಕರಿಮಣಿ. ಬೇರೆ ಒಡವೆ ಬೇಡ.

ಮುಂದೆ ಮರದ ಮಣೆ. ಅದರ ಮೇಲೆ ಒಣ ಜೋಳದ ಹಿಟ್ಟು ಉದುರಿಸಿದೆ. ಅಂಗೈ ಅಗಲದ ಹಿಟ್ಟಿನ ಬಿಲ್ಲೆಯನ್ನು ಬಲ ಅಂಗೈಯಿಂದ ಪಟ ಪಟ ಬಡಿಯುತ್ತಾರೆ. ಬಡಿದಂತೆಲ್ಲ ರೊಟ್ಟಿ ಮಣೆಯ ಮೇಲೆ ತಾನೇ ತಿರುಗುತ್ತದೆ, ಸ್ವಲ್ಪ ಸ್ವಲ್ಪವೇ ಅಗಲವಾಗುತ್ತದೆ. ಒಮ್ಮೆಲೇ ದೊಡ್ಡದಾಗಬಾರದು. ಲಟ್ಟಣಿಗೆ ಎಲ್ಲೂ ಕಾಣಬಾರದು. ಅಂಚಿನಲ್ಲಿ ಸಣ್ಣ ಸೀಳುಗಳಿರಲಿ, ಅಚ್ಚಿನಿಂದ ತೆಗೆದಷ್ಟು ಗುಂಡಗೆ ಬೇಡ. ಬಡಿತಕ್ಕೆ ಸರಿಯಾಗಿ ಸದ್ದು, ಬಳೆಯ ಕಿಣಿಕಿಣಿ.

ಬದಿಯ ಕಬ್ಬಿಣದ ಹಂಚಿನ ಮೇಲೆ ಇನ್ನೊಂದು ರೊಟ್ಟಿ ಬೇಯುತ್ತಿದೆ. ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿದೆ, ಅದು ಆರುತ್ತಾ ಬರುತ್ತಿದೆ. ಬಣ್ಣ ಮಾಸಲು ಬಿಳಿ. ಎಣ್ಣೆ, ತುಪ್ಪ, ಬೆಣ್ಣೆ ಏನೂ ಇಲ್ಲ. ಇದು ನಾನ್ ಅಲ್ಲ, ಚಪಾತಿ ಅಲ್ಲ, ಟಾರ್ಟಿಯಾ ಅಲ್ಲ.

ಕೊನೆಯ 2 ಸೆಕೆಂಡಿನಲ್ಲಿ ತಲೆ ಎತ್ತದೆ ಹೇಳುತ್ತಾರೆ: “ಬಿಸಿ ಐತಿ, ಇನ್ನೊಂದ್ ತಗೋ.” ಗೊಗ್ಗರು ದನಿ, ಮೊಮ್ಮಗನಿಗೆ ಹೇಳುವ ಧಾಟಿ. ಹುಡುಗ ಫ್ರೇಮಿನಲ್ಲಿಲ್ಲ.

(ಪ್ರಾಂಪ್ಟ್ ಓಡಿಸುವವರಿಗೆ: ಕೈ ಅತಿ ಹೆಚ್ಚು ಕೆಡುವುದು ಇದರಲ್ಲೇ. ಬೆರಳು ಹಿಟ್ಟಿಗೆ ಅಂಟಿ ಕರಗಿದರೆ ಆ ಕ್ಲಿಪ್ ಬಿಟ್ಟುಬಿಡಿ, ಕ್ರಾಪ್ ಮಾಡಿ ಉಳಿಸಲು ಹೋಗಬೇಡಿ. ಫ್ಲಿಪ್ ಅಂತೂ ಬೇಡವೇ ಬೇಡ, ಸೆರಗು ಬಲಕ್ಕೆ ಹೋಗುತ್ತದೆ.)

ಶಾಟ್ 3: ನೀರುದೋಸೆ

ಮಂಗಳೂರು ಹತ್ತಿರದ ಕ್ರೈಸ್ತ ಮನೆ, ಮಳೆಗಾಲದ ಬೆಳಗ್ಗೆ. ಕಿಟಕಿಯಾಚೆ ಮಳೆ, ತೆಂಗಿನ ಗರಿ ಒದ್ದೆ. ಗೋಡೆಯಲ್ಲಿ ಚಿಕ್ಕದೊಂದು ಶಿಲುಬೆ, ಅಷ್ಟೇ. ಸುಮಾರು 40ರ ಹೆಂಗಸು ಹೂಗಳ ನೈಟಿ ತೊಟ್ಟು, ಕೂದಲು ಗಂಟು ಕಟ್ಟಿ, ಸ್ಲ್ಯಾಬ್ ಮುಂದೆ ನಿಂತಿದ್ದಾರೆ. ಹಾಲಿನಷ್ಟು ತೆಳು ಹಿಟ್ಟನ್ನು ಸೌಟಿನಿಂದ ಕಾವಲಿಯ ಸುತ್ತ ಚೆಲ್ಲುತ್ತಾರೆ, ಸೌಟಿನ ತಳದಿಂದ ತಿಕ್ಕುವುದಿಲ್ಲ. ತೂತು ತೂತಾಗಿ ಜಾಲರಿಯಂತೆ ಬೀಳುತ್ತದೆ. ಮುಚ್ಚಳ ಮುಚ್ಚಿ ತೆಗೆದಾಗ ದೋಸೆ ಬೆಳ್ಳಗೇ ಇದೆ, ಕೆಂಪಾಗಿಲ್ಲ, ಮಗುಚುವುದೂ ಇಲ್ಲ. ನಾಲ್ಕು ಮಡಿಕೆ ಮಡಚಿ ತಟ್ಟೆಗೆ ಹಾಕುತ್ತಾರೆ. ಪಕ್ಕದಲ್ಲಿ ಬೆಲ್ಲ ಕಲಸಿದ ಕಾಯಿತುರಿ.

ಶಾಟ್ 4: ಟಿಫಿನ್ ಬಾಕ್ಸ್

ಬೆಂಗಳೂರಿನ ಎರಡು ಬೆಡ್‌ರೂಮ್ ಬಾಡಿಗೆ ಫ್ಲ್ಯಾಟ್, ಬೆಳಗ್ಗೆ 7:30. ಅಡುಗೆ ಮಾಡುತ್ತಿರುವುದು ಅಪ್ಪ: ಸುಮಾರು 35, ಬರ್ಮುಡಾ, ಹಳೇ ಟೀ ಶರ್ಟ್, ದಪ್ಪ ಕನ್ನಡಕ. ಕಪ್ಪು ಗ್ರಾನೈಟ್ ಸ್ಲ್ಯಾಬ್ ಮೇಲೆ ಮಿಕ್ಸಿ, ಸ್ಟೀಲ್ ಡಬ್ಬಗಳು, ಕತ್ತರಿಸಿದ ಹಾಲಿನ ಪ್ಯಾಕೆಟ್. ಪಕ್ಕದಲ್ಲಿ 20 ಲೀಟರಿನ ನೀರಿನ ಕ್ಯಾನ್. ಬಾಣಲೆಯಲ್ಲಿ ಚಿತ್ರಾನ್ನ: ಅರಿಶಿನದ ತಿಳಿ ಹಳದಿ ಅನ್ನ, ಕಡಲೆಕಾಯಿ ಬೀಜ, ಸಾಸಿವೆ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ. ಬಿರಿಯಾನಿಯಂತೆ ಪದರ ಬೇಡ, ಅಲಂಕಾರಕ್ಕೆ ಪುದೀನ ಬೇಡ.

ಅಪ್ಪ ಚಿತ್ರಾನ್ನವನ್ನು ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತುತ್ತಾರೆ. ಹಿಂದೆ ಕುಕ್ಕರ್ ಒಂದು ಸಲ ಕೂಗುತ್ತದೆ: ವೆಯ್ಟ್ ಎದ್ದು ಹಬೆ ಅಲ್ಲಿಂದ ಮಾತ್ರ ಚಿಮ್ಮುತ್ತದೆ, ಮುಚ್ಚಳದ ಸುತ್ತಲಿಂದ ಅಲ್ಲ. ಹಿಂಬದಿಯ ಹಾಲ್‌ನಲ್ಲಿ ಚೂಡಿದಾರ್ ತೊಟ್ಟ ಅಮ್ಮ, ಯೂನಿಫಾರ್ಮ್ ಹಾಕಿದ ಮಗಳ ಎರಡನೇ ಜಡೆಗೆ ರಿಬ್ಬನ್ ಕಟ್ಟುತ್ತಿದ್ದಾರೆ. ಮಗಳು ಒಂದು ಶೂ ಮಾತ್ರ ಹಾಕಿದ್ದಾಳೆ. ಮೇಲೆ ಫ್ಯಾನ್‌ಗೆ ಮೂರೇ ರೆಕ್ಕೆ. ಇದು ಯಾರೂ ತಮಾಷೆ ಮಾಡುವ ದೃಶ್ಯ ಅಲ್ಲ. ಗಂಡಸು ಅಡುಗೆಯಲ್ಲಿ ತಡಬಡಾಯಿಸುವುದು, ಚೆಲ್ಲುವುದು ಬೇಡ. ಅವರಿಗೆ ಬರುತ್ತದೆ.

ಶಾಟ್ 5: ಗಿರ್ಮಿಟ್

ಹುಬ್ಬಳ್ಳಿಯ ಮುಸ್ಲಿಂ ಮನೆ, ಸಂಜೆ. ಈದ್ ಅಲ್ಲ, ಬಿರಿಯಾನಿ ಇಲ್ಲ, ಗೋಡೆಯಲ್ಲಿ ಕಮಾನು ಕೆತ್ತನೆ ಇಲ್ಲ. ಟ್ಯೂಬ್‌ಲೈಟ್ ಬೆಳಕು, ಪ್ಲಾಸ್ಟಿಕ್ ಕುರ್ಚಿ, ದಿವಾನದ ಮೇಲೆ ಮಡಚದ ಬಟ್ಟೆ. ಸಲ್ವಾರ್ ಕಮೀಜ್ ತೊಟ್ಟು, ದುಪಟ್ಟಾ ಹೆಗಲಿಗೆ ಹಾಕಿದ ಕಾಲೇಜು ಹುಡುಗಿ ದೊಡ್ಡ ಸ್ಟೀಲ್ ಬೇಸಿನ್‌ನಲ್ಲಿ ಚುರುಮುರಿ ಕಲಸುತ್ತಿದ್ದಾಳೆ. ಈರುಳ್ಳಿ, ಹುಣಸೆ ಹುಳಿಯ ಒಗ್ಗರಣೆ, ಪುಟಾಣಿ ಹಿಟ್ಟು ಈಗಾಗಲೇ ಬಿದ್ದಿದೆ. ಮೇಲೆ ಸೇವು, ಕೊತ್ತಂಬರಿ ಉದುರಿಸುತ್ತಾಳೆ. ಚುರುಮುರಿ ಕಾಳುಗಳು ಬಿಡಿಬಿಡಿಯಾಗಿಯೇ ಇರಲಿ, ಒಂದರೊಳಗೊಂದು ಸೇರಿ ಅನ್ನವಾಗಬಾರದು. ಅವಳ ತಮ್ಮ ಬೇಸಿನ್‌ಗೆ ಕೈ ಹಾಕಿ ಒಂದು ಹಿಡಿ ಎತ್ತಿಕೊಳ್ಳುತ್ತಾನೆ, ಅವಳು ಅವನ ಕೈಗೆ ಮೆಲ್ಲಗೆ ಹೊಡೆಯುತ್ತಾಳೆ. ಆ ಕ್ಷಣಕ್ಕೆ ಫ್ರೇಮಿನಲ್ಲಿ ಒಟ್ಟು ಮೂರು ಕೈ ಮಾತ್ರ.

ನೆಗೆಟಿವ್ ಪ್ರಾಂಪ್ಟ್, ಐದಕ್ಕೂ ಒಂದೇ: ವಿಡಿಯೋದಲ್ಲಿ ಕಾಣಬಾರದವು

ಆರು ಬೆರಳು, ಕರಗುವ ಬಳೆ, ಇದ್ದಕ್ಕಿದ್ದಂತೆ ಬಣ್ಣ ಬದಲಿಸುವ ಕುಪ್ಪಸ, ಬಲ ಹೆಗಲ ಸೆರಗು, ಘಾಗ್ರಾ, ರಾಜಸ್ಥಾನಿ ಪಗಡಿ, ಮೂಗಿನಿಂದ ಕಿವಿಗೆ ಸರಪಳಿ, ಹಿತ್ತಾಳೆ ಪಾತ್ರೆಗಳ ಸಾಲು, ಹಗಲಲ್ಲಿ ಹಣತೆ, ಚೆಂಡುಹೂವಿನ ತೋರಣ, ಆನೆ, ನವಿಲು, ತಣ್ಣನೆ ತಿಂಡಿಯಿಂದ ಹಬೆ, ಎಲ್ಲ ಸಾರಿನ ಮೇಲೂ ಕೆನೆ, ತಟ್ಟೆಯ ಪಕ್ಕ ನಾನ್, ಎಡಗೈ ಊಟ, ಸುಳ್ಳು ಅಕ್ಷರ, ಮೇಣದಂಥ ಚರ್ಮ, ಸ್ಲೋ ಮೋಷನ್.