ಬಣ್ಣಕ್ಕೆ ಬೆಲೆ ಸಿಗುತ್ತಿದೆಯೇ? ಬ್ಯಾಡಗಿ ಮಾರುಕಟ್ಟೆಯ ಆನ್‌ಲೈನ್ ಟೆಂಡರ್ ಮತ್ತು ಒಣ ಮೆಣಸಿನಕಾಯಿಯ ಗುಣಮಟ್ಟ

ಅಧ್ಯಾಯ 1: ಪೀಠಿಕೆ

ಎರಡು ವರ್ಷದ ಹಿಂದಿನ ಫೆಬ್ರವರಿ ತಿಂಗಳು. ಕುಂದಗೋಳ ತಾಲೂಕಿನ ನಮ್ಮ ಹೊಲದ ಒಣ ಮೆಣಸಿನಕಾಯಿ ಬ್ಯಾಡಗಿ ಪ್ಯಾಟಿಗೆ ಹೋಗಿತ್ತು. ದಲಾಲರ ಅಂಗಡಿಯಲ್ಲಿ ಒಂದೇ ಕಡೆ ಜಾಗ ಸಾಲಲಿಲ್ಲ. ಹಾಗಾಗಿ ಚೀಲಗಳನ್ನು ಎರಡು ಲಾಟ್ ಮಾಡಿ ಬೇರೆ ಬೇರೆ ಕಡೆ ಇಟ್ಟರು. ಟೆಂಡರ್ ತೆರೆದಾಗ ಎರಡು ಲಾಟಿನ ನಡುವೆ ಕ್ವಿಂಟಲಿಗೆ 2,800 ರೂಪಾಯಿ ಅಂತರ ಇತ್ತು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಎರಡೂ ಒಂದ ಹೊಲದ್ದು, ಒಂದ ದಿನ ಬಿಡಿಸಿದ್ದು. ರೇಟ್ ಹೆಂಗ ಬ್ಯಾರೆ ಆತು?" ದಲಾಲರ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಹತ್ತಿರವೂ ಸಾಕ್ಷಿ ಇರಲಿಲ್ಲ. ಎರಡು ಲಾಟೂ ಒಂದೇ ಬಣ್ಣದ್ದು ಎಂದು ಹೇಳಿದ್ದು ಅಪ್ಪನ ಕಣ್ಣು ಮಾತ್ರ. ಅಳತೆ ಮಾಡಿದವರು ಯಾರೂ ಇಲ್ಲ.

ಒಬ್ಬರ ಮನೆಯ ಅನುಭವ ಸಂಶೋಧನೆಗೆ ಆಧಾರ ಆಗುವುದಿಲ್ಲ. ಆದರೆ ಅಪ್ಪನ ಪ್ರಶ್ನೆ ಹಿಡಿದುಕೊಂಡು ಹಳೆಯ ಅಧ್ಯಯನಗಳನ್ನು ಓದುತ್ತಾ ಹೋದಾಗ, ಅದಕ್ಕೆ ನೇರ ಉತ್ತರ ಅಲ್ಲೂ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂದು ಹೇಳುವುದೇ ಈ ಅಧ್ಯಾಯದ ಕೆಲಸ.

ಮೊದಲು ಬೆಳೆಯ ಬಗ್ಗೆ ಎರಡು ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಕಡ್ಡಿ, ಡಬ್ಬಿ ಎಂಬ ಎರಡು ಬಗೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಖಾರ ಕಡಿಮೆ, ಬಣ್ಣ ಜಾಸ್ತಿ. ಈ ಕಾಯಿಯನ್ನು ಕೊಳ್ಳುವುದೇ ಬಣ್ಣಕ್ಕಾಗಿ. ಪುಡಿ ಮಾಡುವವರಿಗೂ ಅದು ಬೇಕು, ಕಾಯಿಯಿಂದ ಬಣ್ಣದ ಸಾರ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳಿಗೂ ಬೇಕು. ಈ ಬಣ್ಣವನ್ನು ಅಳೆಯಲು ಒಪ್ಪಿತ ವಿಧಾನವೂ ಇದೆ. ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಬಿಟ್ಟ ಬಣ್ಣದ ಮೂಲಕ 460 ನ್ಯಾನೊಮೀಟರ್ ಅಲೆಯ ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿತು ಎಂದು ನೋಡುತ್ತಾರೆ. ಬರುವ ಅಂಕಿಗೆ ಆಸ್ಟಾ ಮೌಲ್ಯ ಎನ್ನುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಿಪ್ಪೆಯ ಮೇಲೆ ಕಣ್ಣಿಗೆ ಕಾಣುವ ಕೆಂಪು ಬೇರೆ, ಒಳಗಿನಿಂದ ತೆಗೆಯಬಹುದಾದ ಬಣ್ಣ ಬೇರೆ. ಎರಡೂ ಎಷ್ಟೋ ಸಲ ಜೊತೆಗೇ ಹೋಗುತ್ತವೆ, ಆದರೆ ಯಾವಾಗಲೂ ಅಲ್ಲ. ಬ್ಯಾಡಗಿಯಲ್ಲಿ ಖರೀದಿದಾರರು ಲಾಟಿನ ಮುಂದೆ ನಿಂತು, ಕಾಯಿ ಕೈಯಲ್ಲಿ ಹಿಡಿದು, ಮುರಿದು, ತಿಕ್ಕಿ ನೋಡುತ್ತಾರೆ. ಆಮೇಲೆ ಲಾಟ್ ನಂಬರಿಗೆ ದರ ಹಾಕುತ್ತಾರೆ. ದರ ಹಾಕುವುದು ಆನ್‌ಲೈನ್ ಆಯಿತು. ಗುಣ ನೋಡುವುದು ಮಾತ್ರ ಇನ್ನೂ ಕಣ್ಣು, ಕೈಗಳ ಕೆಲಸ.

ಈಗ ಹಿಂದಿನ ಅಧ್ಯಯನಗಳಿಗೆ ಬರೋಣ. ರೈತನಿಗೆ ಸರಿಯಾದ ಬೆಲೆ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆಗೆ ಮಾಹಿತಿಯ ಕೊರತೆ ಎಂಬ ಉತ್ತರ ಬಹಳ ಕಾಲ ಮುಂದಿತ್ತು. ಕೇರಳದ ಮೀನುಗಾರರಿಗೆ ಮೊಬೈಲ್ ಬಂದ ಮೇಲೆ ಊರಿಂದೂರಿಗೆ ಇದ್ದ ಬೆಲೆಯ ಅಂತರ ಕುಗ್ಗಿತು, ಮೀನುಗಾರರ ಲಾಭ ಸರಾಸರಿ 8% ಏರಿತು, ಕೊಳ್ಳುವವರಿಗೂ 4% ಅಗ್ಗವಾಯಿತು ಎಂದು ಜೆನ್ಸನ್ (2007) ತೋರಿಸಿದರು. ಮಧ್ಯಪ್ರದೇಶದಲ್ಲಿ ಹಳ್ಳಿಗಳಿಗೆ ಇಂಟರ್ನೆಟ್ ಕಿಯೋಸ್ಕ್ ಬಂದ ಮೇಲೆ ಸೋಯಾಬೀನ್ ಬೆಲೆ 1ರಿಂದ 3% ಹೆಚ್ಚಾಯಿತು ಎಂದು ಗೋಯಲ್ (2010) ಬರೆದರು. ಆದರೆ ಈ ಕಿಯೋಸ್ಕ್‌ಗಳ ಜೊತೆ ಕಂಪನಿಯ ನೇರ ಖರೀದಿಯೂ ಇತ್ತು. ಬೆಲೆ ಏರಿದ್ದು ಬರೀ ಮಾಹಿತಿಯಿಂದ ಎಂದು ಓದಿದರೆ ತಪ್ಪಾಗುತ್ತದೆ.

ಇದಕ್ಕೆ ತಿರುಗು ಉತ್ತರಗಳೂ ಬಂದವು. ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ಎಸ್‌ಎಂಎಸ್ ಮೂಲಕ ದರ, ಹವಾಮಾನ ತಿಳಿಸಿ ನೋಡಿದ ಫಾಫ್‌ಶಾಂ ಮತ್ತು ಮಿಂಟೆನ್ (2012) ಅವರಿಗೆ ರೈತರು ಪಡೆದ ಬೆಲೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಪಶ್ಚಿಮ ಬಂಗಾಳದ ಆಲೂಗಡ್ಡೆ ಬೆಳೆಗಾರರಿಗೆ ಮಂಡಿ ದರ ತಿಳಿಸಿದ ಮಿತ್ರಾ ಮತ್ತು ಸಂಗಡಿಗರಿಗೂ (2018) ಸರಾಸರಿ ಬೆಲೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ದರ ಗೊತ್ತಿದ್ದರೆ ಸಾಲದು, ಮಾರಲು ಇನ್ನೊಂದು ದಾರಿಯೂ ಇರಬೇಕು ಎಂಬುದು ಅದರಿಂದ ತಿಳಿದ ಪಾಠ.

ಇನ್ನೊಂದು ದಾರಿ ಎಂದರೆ ಹೆಚ್ಚು ಖರೀದಿದಾರರು. ಕರ್ನಾಟಕ ಇದನ್ನು ಬೇರೆ ರಾಜ್ಯಗಳಿಗಿಂತ ಮೊದಲೇ ಕೈಗೆತ್ತಿಕೊಂಡಿತು. 2014ರಲ್ಲಿ ಶುರುವಾದ ಏಕೀಕೃತ ಮಾರುಕಟ್ಟೆ ವೇದಿಕೆ ರಾಜ್ಯದ ಎಪಿಎಂಸಿಗಳನ್ನು ಆನ್‌ಲೈನ್‌ನಲ್ಲಿ ಜೋಡಿಸತೊಡಗಿತು. ಕೇಂದ್ರದ ಇ-ನಾಮ್ ಬಂದದ್ದು 2016ರ ಏಪ್ರಿಲ್‌ನಲ್ಲಿ. ನಮ್ಮ ವೇದಿಕೆಯ ಫಲವನ್ನು ಲೆಕ್ಕ ಹಾಕಿದ ಮುಖ್ಯ ಅಧ್ಯಯನ ಲೆವಿ, ರಾಜನ್, ಸಿಂಘ್ವಿ ಮತ್ತು ಝೆಂಗ್ (2020) ಅವರದು. ಭತ್ತದ ಬೆಲೆ ಸರಾಸರಿ 5.1%, ಶೇಂಗಾ 3.6%, ಮೆಕ್ಕೆಜೋಳ 3.5% ಏರಿತು ಎಂದು ಅವರು ಕಂಡರು. ಹತ್ತಿ, ಹೆಸರು, ತೊಗರಿಯಲ್ಲಿ ಅಂಥ ಸ್ಪಷ್ಟ ಏರಿಕೆ ಸಿಗಲಿಲ್ಲ. ಈ ಪ್ರಬಂಧ ಬಹುಪಾಲು ಅವರ ಕೆಲಸದ ಹೆಗಲ ಮೇಲೆ ನಿಂತಿದೆ. ಆದ್ದರಿಂದ ಅದರ ಮಿತಿಯನ್ನು ಎಚ್ಚರದಿಂದ ಹೇಳಬೇಕು. ಅವರು ಬಳಸಿದ್ದು ಮಾರುಕಟ್ಟೆಯ ಮೋಡಲ್ ದರ, ಅಂದರೆ ಆ ದಿನ ಅತಿ ಹೆಚ್ಚು ಮಾಲು ಹೋದ ದರ. ಅವರ ಪ್ರಶ್ನೆಗೆ ಅದು ಸರಿಯಾದ ಅಳತೆಯೇ. ಆದರೆ ಒಂದೇ ದಿನ, ಒಂದೇ ಅಂಗಳದಲ್ಲಿ, ಎರಡು ಲಾಟಿಗೆ ಎರಡು ದರ ಯಾಕೆ ಎಂಬುದು ಮೋಡಲ್ ದರದಲ್ಲಿ ಕಾಣುವುದೇ ಇಲ್ಲ. ಅಪ್ಪನ ಪ್ರಶ್ನೆ ಆ ಒಂದು ಅಂಕಿಯೊಳಗೆ ಮುಳುಗಿಹೋಗುತ್ತದೆ.

ಗುಣಮಟ್ಟದ ಬಗ್ಗೆ ನಡೆದ ಕೆಲಸ ಇನ್ನೊಂದು ಸಾಲು. ಕೊಳ್ಳುವವನಿಗೆ ಗುಣ ತಿಳಿಯದಿದ್ದರೆ ಅವನು ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾನೆ, ಆಗ ಒಳ್ಳೆಯ ಮಾಲಿನವನು ಹಿಂದೆ ಸರಿಯುತ್ತಾನೆ ಎಂದು ಅಕರ್ಲಾಫ್ (1970) ಹೇಳಿ ಅರ್ಧ ಶತಮಾನ ಕಳೆದಿದೆ. ಭಾರತದ ಐದು ಬೆಳೆಗಳನ್ನು ಸಮೀಕ್ಷೆ ಮಾಡಿದ ಫಾಫ್‌ಶಾಂ, ಹಿಲ್ ಮತ್ತು ಮಿಂಟೆನ್ (2008) ಒಂದು ಮುಖ್ಯ ಮಾತು ಹೇಳಿದರು. ಒಣಗಿಸಿ, ವಿಂಗಡಿಸಿ, ಚೆನ್ನಾಗಿ ಕಟ್ಟಿದ ಮಾಲಿಗೆ ಹೆಚ್ಚು ಬೆಲೆ ಬರುತ್ತದೆ. ಕಣ್ಣಿಗೆ ಕಾಣದ ಸಂಗತಿಗಳು ಮಾತ್ರ ಬೆಳೆಗಾರನಿಂದ ಮುಂದಿನವರಿಗೆ ದಾಟುವುದು ಕಡಿಮೆ. ಸೆನೆಗಲ್‌ನ ಈರುಳ್ಳಿ ಬೆಳೆಗಾರರಲ್ಲಿ, ಮಾರುಕಟ್ಟೆ ಗುಣವನ್ನು ಗುರುತಿಸಲಿದೆ ಎಂಬ ಭರವಸೆ ಹುಟ್ಟಿದಾಗ ಬೇಸಾಯದ ಪದ್ಧತಿಯೇ ಬದಲಾಯಿತು ಎಂದು ಬರ್ನಾರ್ಡ್ ಮತ್ತು ಸಂಗಡಿಗರು (2017) ತೋರಿಸಿದರು. ಹಾಗಾದರೆ ಗುಣಕ್ಕೆ ಬೆಲೆ ಸಿಗುತ್ತದೋ ಇಲ್ಲವೋ ಎಂಬುದು ಪ್ಯಾಟಿಯಲ್ಲೇ ಮುಗಿಯುವ ವಿಷಯ ಅಲ್ಲ. ಮುಂದಿನ ವರ್ಷ ಹೊಲದಲ್ಲಿ ಏನು ಹಾಕಬೇಕು ಎಂಬುದನ್ನೂ ಅದು ಹೇಳುತ್ತದೆ.

ಇವೆರಡು ಸಾಲುಗಳ ನಡುವೆ ಒಂದು ಜಾಗ ಖಾಲಿ ಉಳಿದಿದೆ. ಆನ್‌ಲೈನ್ ಮಾರುಕಟ್ಟೆಯ ಅಧ್ಯಯನ ಬೆಲೆಯನ್ನು ನೋಡಿತು, ಲಾಟಿನ ಗುಣವನ್ನು ಅಳೆಯಲಿಲ್ಲ. ಗುಣಮಟ್ಟದ ಅಧ್ಯಯನಗಳು ಗುಣಕ್ಕೆ ಬೆಲೆ ಸಿಗುತ್ತದೆಯೇ ಎಂದು ಕೇಳಿದವು, ಆದರೆ ಹಲವರು ಏಕಕಾಲಕ್ಕೆ ದರ ಹಾಕುವ ಆನ್‌ಲೈನ್ ಟೆಂಡರ್‌ನೊಳಗೆ ಹೋಗಿ ನೋಡಲಿಲ್ಲ. ಒಂದು ಲಾಟಿನ ಅಳತೆ ಮಾಡಿದ ಬಣ್ಣವನ್ನೂ ಅದೇ ಲಾಟಿಗೆ ಟೆಂಡರ್‌ನಲ್ಲಿ ಬಿದ್ದ ದರವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಕೆಲಸ, ನಾನು ಓದಿದ ಮಟ್ಟಿಗೆ, ಇಲ್ಲ.

ಒಂದು ವಿಷಯ ಸ್ಪಷ್ಟ ಮಾಡಬೇಕು. "ಬ್ಯಾಡಗಿಯಲ್ಲಿ ಯಾರೂ ಮಾಡಿಲ್ಲ, ಅದಕ್ಕೆ ನಾನು ಮಾಡುತ್ತೇನೆ" ಎಂಬುದು ನನ್ನ ವಾದ ಅಲ್ಲ. ಹಾಗೆ ನೋಡಿದರೆ ಅಣ್ಣಿಗೇರಿಯಲ್ಲೂ ಮಾಡಿಲ್ಲ, ಶಿರಹಟ್ಟಿಯಲ್ಲೂ ಮಾಡಿಲ್ಲ. ಊರಿನ ಹೆಸರು ಬದಲಿಸಿದರೆ ಸುಮ್ನೆ ಹಳೆಯ ಉತ್ತರವೇ ಇನ್ನೊಮ್ಮೆ ಬರಬಹುದು. ಬ್ಯಾಡಗಿಯನ್ನು ಆರಿಸಿದ್ದಕ್ಕೆ ಕಾರಣ ಬೇರೆ. ಭತ್ತ, ಮೆಕ್ಕೆಜೋಳದಲ್ಲಿ ಗುಣದ ಬಹುಭಾಗ ತೇವ, ಕಸ, ಕಾಳಿನ ಗಾತ್ರ ನೋಡಿದರೆ ತಿಳಿಯುತ್ತದೆ. ಇಲ್ಲಿ ಬೆಲೆಯ ಮುಖ್ಯ ಕಾರಣವಾದ ಬಣ್ಣ ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ಅದನ್ನು ಅಂಕಿಯಾಗಿಸಬಹುದು. ದರ ಹಾಕುವುದು ಆನ್‌ಲೈನ್ ಆದ್ದರಿಂದ ಲಾಟ್‌ವಾರು ದಾಖಲೆಯೂ ಉಳಿಯುತ್ತದೆ. ಈ ಮೂರೂ ಒಂದೇ ಅಂಗಳದಲ್ಲಿ ಕೂಡಿ ಬರುವುದು ಅಪರೂಪ.

ಇನ್ನೊಂದು ಕಾರಣ ಕಾಲದ್ದು. 2024ರ ಮಾರ್ಚ್ 11ರಂದು ದರ ಕುಸಿದಿದೆ ಎಂದು ರೈತರು ಸಿಟ್ಟಿಗೆದ್ದು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಅದನ್ನು ನಾನು ಯಾರ ವಿರುದ್ಧವೂ ಸಾಕ್ಷಿಯಾಗಿ ಬಳಸುವುದಿಲ್ಲ. ದರ ಬೀಳಲು ಆವಕ ಹೆಚ್ಚಾಗಿದ್ದೂ ಕಾರಣ ಇರಬಹುದು, ಗುಣ ಇಳಿದದ್ದೂ ಇರಬಹುದು, ಬೇರೆಯೂ ಇರಬಹುದು. ಇವುಗಳನ್ನು ಬಿಡಿಸಿ ನೋಡಲು ಲಾಟಿನ ಗುಣದ ಅಂಕಿ ಬೇಕು. ಅದು ಇಲ್ಲದಿದ್ದರೆ ರೈತರು ಒಂದು ಹೇಳುತ್ತಾರೆ, ವರ್ತಕರು ಇನ್ನೊಂದು ಹೇಳುತ್ತಾರೆ. ಇಬ್ಬರ ಮಾತನ್ನೂ ಪರೀಕ್ಷೆ ಮಾಡಲು ಆಗುವುದಿಲ್ಲ.

ಆದ್ದರಿಂದ ಈ ಪ್ರಬಂಧದ ಮುಖ್ಯ ಪ್ರಶ್ನೆ ಇದು: ಬ್ಯಾಡಗಿಯ ಆನ್‌ಲೈನ್ ಟೆಂಡರ್‌ನಲ್ಲಿ, ಒಂದೇ ದಿನ ಮಾರಾಟಕ್ಕೆ ಇಟ್ಟ ಒಂದೇ ಬಗೆಯ ಲಾಟುಗಳ ನಡುವಿನ ದರದ ಅಂತರವನ್ನು ಅವುಗಳ ಆಸ್ಟಾ ಬಣ್ಣ ಮೌಲ್ಯ ಎಷ್ಟರ ಮಟ್ಟಿಗೆ ವಿವರಿಸುತ್ತದೆ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಬಣ್ಣ, ತೇವ, ತೊಟ್ಟು ಎಲ್ಲ ಸಮ ಇದ್ದಾಗಲೂ ಐದಾರು ಚೀಲದ ಸಣ್ಣ ಲಾಟಿಗೆ ದೊಡ್ಡ ಲಾಟಿಗಿಂತ ಕಡಿಮೆ ದರ ಬೀಳುತ್ತದೆಯೇ? ಸಣ್ಣ ಲಾಟನ್ನು ನೋಡಲು ಖರೀದಿದಾರರು ಅಷ್ಟು ಹೊತ್ತು ನಿಲ್ಲುವುದಿಲ್ಲ, ದರ ಹಾಕುವವರೂ ಕಡಿಮೆ ಎಂದು ಕುಂದಗೋಳ, ಶಿರಹಟ್ಟಿ ಕಡೆಯ ರೈತರು ನನಗೆ ಹೇಳಿದ್ದಾರೆ. ಅದನ್ನು ಊಹೆ ಎಂದೇ ಇಟ್ಟುಕೊಂಡು ಪರೀಕ್ಷೆ ಮಾಡುತ್ತೇನೆ.

ಉತ್ತರ ಯಾವ ಕಡೆ ಬಂದರೂ ಉಪಯೋಗ ಇದೆ. ದರ ಬಣ್ಣದ ಹಿಂದೆಯೇ ಹೋಗುತ್ತಿದ್ದರೆ ಖರೀದಿದಾರರ ಕಣ್ಣು ಯಂತ್ರದಷ್ಟೇ ಚುರುಕು ಎಂದಾಯಿತು. ಆಗ ಎಪಿಎಂಸಿ ಅಂಗಳದಲ್ಲಿ ಬಣ್ಣ ಪರೀಕ್ಷೆಗೆ ಹಣ ಹಾಕುವ ಅಗತ್ಯ ಅಷ್ಟಾಗಿ ಉಳಿಯುವುದಿಲ್ಲ, ನಮ್ಮ ಅಪ್ಪನ ಸಂಶಯವೂ ತಪ್ಪಾಗುತ್ತದೆ. ಹೋಗದಿದ್ದರೆ, ಬಣ್ಣಕ್ಕಾಗಿ ಕಡ್ಡಿ, ಡಬ್ಬಿ ಬೆಳೆಯುವವನಿಗೆ ಅದೇ ನಷ್ಟ. ಅವನು ಇಳುವರಿ ಜಾಸ್ತಿ ಕೊಡುವ ಹೈಬ್ರಿಡ್ ಕಡೆ ಹೊರಳಿದರೆ ಬೈಯುವಂತಿಲ್ಲ.

ಅಧ್ಯಯನದ ವ್ಯಾಪ್ತಿಯನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದೇನೆ. ಜನವರಿಯಿಂದ ಏಪ್ರಿಲ್‌ವರೆಗಿನ ಹಂಗಾಮಿನಲ್ಲಿ, ರೈತರು ನೇರವಾಗಿ ತಂದ ಹೊಸ ಕಾಯಿಯ ಲಾಟುಗಳು ಮಾತ್ರ. ಟೆಂಡರ್ ಮುಗಿಯುವ ಮೊದಲೇ ಪ್ರತಿ ಲಾಟಿನ ಮೇಲೆ, ನಡುವೆ, ಕೆಳಗೆ ಮೂರು ಕಡೆಯಿಂದ ಮಾದರಿ ತೆಗೆಯಲಾಗುತ್ತದೆ. ಅದರ ಬಣ್ಣದ ಅಂಕಿ ಹಂಗಾಮು ಮುಗಿಯುವ ತನಕ ಖರೀದಿದಾರರಿಗಾಗಲಿ ರೈತರಿಗಾಗಲಿ ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಅಳತೆಯೇ ದರವನ್ನು ಬದಲಿಸಿಬಿಡುತ್ತದೆ. ಶೀತಲ ಗೃಹದಿಂದ ಹೊರಬಂದ ಹಳೆಯ ಕಾಯಿಯನ್ನು ಕೈಬಿಟ್ಟಿದ್ದೇನೆ. ಇಟ್ಟಷ್ಟು ದಿನ ಬಣ್ಣ ಇಳಿಯುತ್ತಾ ಹೋಗುತ್ತದೆ, ಅದರ ಲೆಕ್ಕವೇ ಬೇರೆ.