ರಕ್ತ ಪರೀಕ್ಷಾ ವರದಿಯ ಕನ್ನಡ ಅನುವಾದ

ಮೂಲ: ಮೊಬೈಲಿನಲ್ಲಿ ತೆಗೆದ ಒಂದು ಫೋಟೋ, ಒಂದು ಪುಟ, ಇಂಗ್ಲಿಷ್‌ನಲ್ಲಿ ಮುದ್ರಿತ. ರೋಗಿ 42 ವರ್ಷದ ಮಹಿಳೆ, ಸಿದ್ದಾಪುರ ಸಮೀಪದ ಕಾಫಿ ತೋಟವೊಂದರಲ್ಲಿ ಕೆಲಸ ಮಾಡುವವರು. ಮಾದರಿ ಪಡೆದದ್ದು 02-07-2024, ಬೆಳಿಗ್ಗೆ 7:40. ರೋಗಿಯ ಹೆಸರು, ನೋಂದಣಿ ಸಂಖ್ಯೆ ಮತ್ತು ಪ್ರಯೋಗಾಲಯದ ಹೆಸರು ಮೂಲದಲ್ಲಿವೆ. ಈ ಪ್ರತಿ ಹಲವರ ಕೈಗೆ ಹೋಗಬಹುದಾದ್ದರಿಂದ ಅವನ್ನು ಇಲ್ಲಿ ಬರೆದಿಲ್ಲ.

ಪರೀಕ್ಷೆಯ ಹೆಸರುಗಳನ್ನು ಮಾತ್ರ ಕನ್ನಡಕ್ಕೆ ತರಲಾಗಿದೆ. ಅಂಕಿಗಳು, ಮಾನಗಳು, ಉಲ್ಲೇಖ ಮಿತಿಗಳು ಹಾಗೂ H, L ಗುರುತುಗಳು ಮೂಲದಲ್ಲಿ ಇದ್ದಂತೆಯೇ ಇವೆ. H ಎಂದರೆ ಮುದ್ರಿತ ಮಿತಿಗಿಂತ ಹೆಚ್ಚು, L ಎಂದರೆ ಕಡಿಮೆ.

| ಪರೀಕ್ಷೆ | ಫಲಿತಾಂಶ | ಗುರುತು | ಮಾನ | ಉಲ್ಲೇಖ ಮಿತಿ |
|---|---|---|---|---|
| ಹಿಮೋಗ್ಲೋಬಿನ್ | 8.9 | L | g/dL | 12.0 - 15.0 |
| ಕೆಂಪು ರಕ್ತಕಣಗಳ ಎಣಿಕೆ | 421 ಎಂದು ಕಾಣುತ್ತದೆ (ಟಿಪ್ಪಣಿ ನೋಡಿ) | ಗುರುತಿಲ್ಲ | million/cumm | 3.80 - 4.80 |
| ಪಿಸಿವಿ | 28.8 | L | % | 36.0 - 46.0 |
| ಎಂಸಿವಿ | 68.4 | ಗುರುತಿಲ್ಲ | fL | 83.0 - 101.0 |
| ಎಂಸಿಎಚ್ | 21.1 | L | pg | 27.0 - 32.0 |
| ಎಂಸಿಎಚ್‌ಸಿ | 30.9 | L | g/dL | 31.5 - 34.5 |
| ಆರ್‌ಡಿಡಬ್ಲ್ಯೂ | 18.6 | H | % | 11.6 - 14.0 |
| ಬಿಳಿ ರಕ್ತಕಣಗಳ ಎಣಿಕೆ | 7,200 | ಗುರುತಿಲ್ಲ | /cumm | 4,000 - 10,000 |
| ಪ್ಲೇಟ್‌ಲೆಟ್ ಎಣಿಕೆ | 4.38 | H | lakhs/cumm | 1.50 - 4.10 |
| ಇಎಸ್‌ಆರ್ | 34 | H | mm/hr | 0 - (ಮುಂದಿನ ಅಂಕಿ ಓದಲಾಗುತ್ತಿಲ್ಲ) |
| ಸೀರಂ ಫೆರಿಟಿನ್ | 6.2 | L | ng/mL | 10.0 - 120.0 |
| ಟಿಎಸ್‌ಎಚ್ | 3.12 | ಗುರುತಿಲ್ಲ | µIU/mL | 0.35 - 4.94 |

ವರದಿಯ ಕೊನೆಯಲ್ಲಿ ಮುದ್ರಿತವಾದ ಮಾತು: ಕೆಂಪು ರಕ್ತಕಣಗಳು ಸಾಮಾನ್ಯಕ್ಕಿಂತ ಚಿಕ್ಕದಾಗಿಯೂ ಬಣ್ಣ ಕಡಿಮೆಯಾಗಿಯೂ ಕಾಣುತ್ತವೆ. ? ಕಬ್ಬಿಣಾಂಶದ ಕೊರತೆ. ಈ ಫಲಿತಾಂಶವನ್ನು ರೋಗಿಯ ಲಕ್ಷಣಗಳೊಂದಿಗೆ ಹೋಲಿಸಿ ನೋಡುವುದು.

ಅನುವಾದಕಿಯ ಟಿಪ್ಪಣಿ

ಎಂಸಿವಿಯ ಸಾಲಿನಲ್ಲಿ 68.4 ಎಂಬ ಅಂಕಿ ಮುದ್ರಿತ ಮಿತಿಗಿಂತ ಸ್ಪಷ್ಟವಾಗಿ ಕಡಿಮೆಯಿದ್ದರೂ ಅದರ ಪಕ್ಕದಲ್ಲಿ L ಇಲ್ಲ. ಗುರುತು ಬಿಟ್ಟುಹೋಗಿದೆಯೋ, ಮುದ್ರಣದಲ್ಲಿ ಅಳಿಸಿದೆಯೋ ಎಂಬುದನ್ನು ಫೋಟೋ ನೋಡಿ ಹೇಳಲು ಬರುವುದಿಲ್ಲ. ಹಾಗಾಗಿ ನಾನು ಅಲ್ಲಿ L ಸೇರಿಸಿಲ್ಲ. ಗುರುತು ಹಾಕುವುದು ಪ್ರಯೋಗಾಲಯದ ಕೆಲಸ. ಈ ವ್ಯತ್ಯಾಸವನ್ನು ವೈದ್ಯರ ಗಮನಕ್ಕೆ ತರುವುದಷ್ಟೇ ನನ್ನ ಪಾಲಿನದು, ಮತ್ತು ಅದನ್ನು ಖಂಡಿತ ತರಬೇಕೆಂದು ನಾನು ಬಯಸುತ್ತೇನೆ.

ಕೆಂಪು ರಕ್ತಕಣಗಳ ಸಾಲಿನ ಮೇಲೆ ಫ್ಲ್ಯಾಷ್‌ನ ಹೊಳಪು ಬಿದ್ದು ದಶಮಾಂಶ ಬಿಂದು ಕಾಣುತ್ತಿಲ್ಲ. ಪಿಸಿವಿಯನ್ನು ಎಂಸಿವಿಯಿಂದ ಭಾಗಿಸಿ 10ರಿಂದ ಗುಣಿಸಿದರೆ 4.21 ಬರುತ್ತದೆ. ಹಿಮೋಗ್ಲೋಬಿನ್ನನ್ನು ಎಂಸಿಎಚ್‌ನಿಂದ ಭಾಗಿಸಿ 10ರಿಂದ ಗುಣಿಸಿದರೂ ಸುಮಾರು ಅದೇ ಅಂಕಿ ಸಿಗುತ್ತದೆ. ಆದ್ದರಿಂದ ಮೂಲದಲ್ಲಿ 4.21 ಇರಬಹುದು ಎಂಬುದು ನನ್ನ ಅಂದಾಜು. ಲೆಕ್ಕದಿಂದ ಬಂದ ಅಂಕಿ ಮುದ್ರಿತ ಅಂಕಿಯಲ್ಲ, ಆ ಕಾರಣಕ್ಕೆ ಪಟ್ಟಿಯಲ್ಲಿ ಕಣ್ಣಿಗೆ ಕಂಡದ್ದನ್ನೇ ಬರೆದಿದ್ದೇನೆ. ಇಎಸ್‌ಆರ್ ಮಿತಿಯ ಮೇಲಿನ ಅಂಕಿ ಇರುವ ಕಡೆ ಮಳೆಯ ತೇವಕ್ಕೆ ಶಾಯಿ ಹರಡಿದೆ. ಬೇರೆ ವರದಿಗಳಲ್ಲಿ ಕಾಣುವ ಅಂಕಿಯನ್ನು ತಂದು ಅಲ್ಲಿ ಕೂರಿಸಿಲ್ಲ, ಏಕೆಂದರೆ ಪ್ರಯೋಗಾಲಯ, ವಯಸ್ಸು ಮತ್ತು ವಿಧಾನ ಬದಲಾದಂತೆ ಮಿತಿಗಳೂ ಬದಲಾಗುತ್ತವೆ.

ಟಿಎಸ್‌ಎಚ್ ಮಾನದಲ್ಲಿರುವ µ ಅಕ್ಷರವನ್ನು ದಯವಿಟ್ಟು m ಎಂದು ಓದಬೇಡಿ, ಮರುನಕಲು ಮಾಡುವಾಗಲೂ ಹಾಗೆ ಬರೆಯಬೇಡಿ. ಎರಡರ ನಡುವೆ ಸಾವಿರ ಪಟ್ಟು ಅಂತರವಿದೆ. ಪ್ಲೇಟ್‌ಲೆಟ್ ಅಂಕಿಯನ್ನೂ ಲಕ್ಷದಲ್ಲಿಯೇ ಬಿಟ್ಟಿದ್ದೇನೆ, ಬೇರೆ ಮಾನಕ್ಕೆ ಪರಿವರ್ತಿಸಿಲ್ಲ. ಕಬ್ಬಿಣಾಂಶದ ಕೊರತೆಯ ಮುಂದಿರುವ ಪ್ರಶ್ನಾರ್ಥಕ ಚಿಹ್ನೆ ಮೂಲದಲ್ಲಿಯೇ ಇದೆ. ಅದು ಸಂಶಯವನ್ನು ಸೂಚಿಸುತ್ತದೆ, ತೀರ್ಮಾನವನ್ನಲ್ಲ. ಈ ಅನುವಾದವನ್ನು ಮನೆಯವರಿಗೆ ಓದಿ ಹೇಳುವವರು ಆ ಚಿಹ್ನೆಯನ್ನು ಬಿಟ್ಟು ಹೇಳಬಾರದು.

ವಿರಾಜಪೇಟೆಯ ಆಸ್ಪತ್ರೆಗೆ ಹೋಗುವಾಗ ಈ ಅನುವಾದದ ಜೊತೆಗೆ ಕಾಗದದ ಮೂಲ ವರದಿಯನ್ನೂ ಕೊಂಡೊಯ್ಯಿರಿ. ವೈದ್ಯರು ನೋಡಬೇಕಾದದ್ದು ಅದನ್ನೇ. ಮನೆಯಲ್ಲಿ ಬೆಳಕಿರುವ ಹೊತ್ತಿಗೆ ಕಾಗದವನ್ನು ಸಮನಾಗಿ ಹರಡಿ, ಫ್ಲ್ಯಾಷ್ ಇಲ್ಲದೆ ಇನ್ನೊಂದು ಫೋಟೋ ತೆಗೆದು ಕಳುಹಿಸಿದರೆ, ಓದಲಾಗದ ಆ ಎರಡು ಜಾಗಗಳನ್ನು ನೋಡಿ ಪಟ್ಟಿಯನ್ನು ಸರಿಪಡಿಸಿ ಕೊಡುತ್ತೇನೆ.