9ನೇ ಕ್ಲಾಸ್ ಸಮಾಜ ವಿಜ್ಞಾನ ಟೆಸ್ಟ್, 20 ಮಾರ್ಕ್ಸ್ (ಡ್ರಾಫ್ಟ್)

ಮೇಡಂ, ನೀವು ಕಳ್ಸಿದ್ದ ಪ್ರಶ್ನೆ ಎಲ್ಲಾ ವಿಭಾಗ ಮಾಡಿ ಹಾಕೀನಿ ನೋಡ್ರಿ, ನಂಬರ್ 1ರಿಂದ 11ರ ತನಕ ಒಂದೇ ಸಾಲಿನ್ಯಾಗ ಹೋಗತಾವ, ಪ್ರತಿ ವಿಭಾಗಕ್ಕ ಮತ್ತ 1ರಿಂದ ಶುರು ಮಾಡಿದ್ರ ಹುಡುಗ್ರು ವಿಭಾಗ ಬರಿಯೋದು ಮರೀತಾರ, ಪೇಪರ್ ನೋಡೋರಿಗೆ ಯಾವ್ದು ಎಲ್ಲಿದು ತಿಳಿಯಂಗಿಲ್ಲ.

ಸಮಾಜ ವಿಜ್ಞಾನ: ನಮ್ಮ ಸೀಮೆಯ ಇತಿಹಾಸ, ಭೂಗೋಳ
ಸಮಯ: 45 ನಿಮಿಷ   ಅಂಕ: 20

ಸೂಚನೆ: ಎಲ್ಲಾ ಪ್ರಶ್ನೆಗೂ ಉತ್ತರ ಬರೀರಿ. "ಅಥವಾ" ಇದ್ದ ಕಡೆ ಒಂದಕ್ಕ ಮಾತ್ರ ಬರೀರಿ. ಪ್ರಶ್ನೆ ನಂಬರ್ ತಪ್ಪದೆ ಹಾಕ್ರಿ.

I. ಸರಿ ಉತ್ತರ ಆರಿಸಿ ಕ್ರಮಾಕ್ಷರದ ಜೊತೆ ಬರೀರಿ. 3 × 1 = 3
1. ಮಸ್ಕಿ ಶಾಸನ ಬರೆಸಿದ ರಾಜ
ಎ) ಎರಡನೇ ಪುಲಕೇಶಿ ಬಿ) ಅಶೋಕ ಸಿ) ಒಂದನೇ ಹರಿಹರ ಡಿ) ಕೃಷ್ಣದೇವರಾಯ
2. ಹಟ್ಟಿ ಗಣಿಯಲ್ಲಿ ಸಿಗುವುದು
ಎ) ಕಲ್ಲಿದ್ದಲು ಬಿ) ತಾಮ್ರ ಸಿ) ಚಿನ್ನ ಡಿ) ಬಾಕ್ಸೈಟ್
3. ರಾಯಚೂರು ಯುದ್ಧ ನಡೆದ ವರ್ಷ
ಎ) 1509 ಬಿ) 1520 ಸಿ) 1526 ಡಿ) 1542

II. ಒಂದು ವಾಕ್ಯದಲ್ಲಿ ಉತ್ತರಿಸಿ. 3 × 1 = 3
4. ರಾಯಚೂರು ದೋಆಬ್ ಯಾವ ಎರಡು ನದಿಗಳ ನಡುವೆ ಇದೆ?
5. ಸಂಡೂರು ಭಾಗದಲ್ಲಿ ಹೇರಳವಾಗಿ ಸಿಗುವ ಒಂದು ಅದಿರು ಯಾವುದು?
6. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು ಯಾವ ವರ್ಷ?

III. ಎರಡು ಮೂರು ವಾಕ್ಯದಲ್ಲಿ ಉತ್ತರಿಸಿ. 3 × 2 = 6
7. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗಕ್ಕೆ ಆದ ಎರಡು ಅನುಕೂಲ ಬರೆಯಿರಿ.
8. ಮಸ್ಕಿ ಶಾಸನ ಇತಿಹಾಸಕಾರರಿಗೆ ಯಾಕೆ ಮುಖ್ಯ?
9. ಗಂಗಾವತಿ, ಸಿಂಧನೂರು ಕಡೆ ಭತ್ತ ಜಾಸ್ತಿ ಬೆಳೆಯಲು ಎರಡು ಕಾರಣ ಕೊಡಿ.
ಅಥವಾ
ಹೊಲಕ್ಕೆ ಅತಿಯಾಗಿ ನೀರು ಹಾಯಿಸಿದರೆ ಆಗುವ ಎರಡು ತೊಂದರೆ ತಿಳಿಸಿ.

IV. ಆರೇಳು ವಾಕ್ಯದಲ್ಲಿ ಉತ್ತರಿಸಿ. 2 × 4 = 8
10. ರಾಯಚೂರು ದೋಆಬ್‌ಗಾಗಿ ವಿಜಯನಗರದವರು, ಬಹಮನಿಯವರು ಪದೇ ಪದೇ ಹೋರಾಡಲು ಕಾರಣಗಳೇನು?
ಅಥವಾ
1565ರ ತಾಳೀಕೋಟೆ ಯುದ್ಧದ ಪರಿಣಾಮಗಳನ್ನು ವಿವರಿಸಿ.
11. ತುಂಗಭದ್ರಾ ಡ್ಯಾಮಿನ ನಾಲ್ಕು ಉಪಯೋಗ ಬರೆಯಿರಿ.
ಅಥವಾ
ಡ್ಯಾಮಿನಲ್ಲಿ ಹೂಳು ತುಂಬಲು ಎರಡು ಕಾರಣ, ಅದರಿಂದ ಆಗುವ ಎರಡು ತೊಂದರೆ ಬರೆಯಿರಿ. (2 + 2)

ಮೇಡಂ, 8ನೇದ್ರಾಗ ಅಶೋಕನ ಹೆಸರು ಇತ್ತು, ಅದನ್ನ ತೆಗದೀನಿ, ಯಾಕಂದ್ರ ಅದು ಇದ್ರ 1ನೇದಕ್ಕ ಪೇಪರ್ದಾಗ ಉತ್ತರ ಸಿಕ್ಕಬಿಡತೈತಿ. 10ರ ಆಯ್ಕೆ ನಿಮ್ಮ ಪಟ್ಟಿಯೊಳಗ "ತಾಳೀಕೋಟೆ ಯುದ್ಧ ಯಾವಾಗ ಆಯ್ತು, ಯಾರ ನಡುವೆ ಆಯ್ತು" ಅಂತ ಇತ್ತಲ್ರಿ, ಅದು ಎರಡು ಸಾಲಿನ ಉತ್ತರ, ಅದಕ್ಕ ನಾಕು ಮಾರ್ಕ್ಸ್ ಕೊಟ್ರ ಮ್ಯಾಲಿನ ಕಠಿಣ ಪ್ರಶ್ನೆಗೆ ಉತ್ತರ ಬರೆದ ಹುಡುಗಗ ಅನ್ಯಾಯ ಆಗತೈತಿ, ಮಾರ್ಕ್ಸ್ ಒಂದೇ ಇದ್ರ ಸಾಲದು ಬರಿಯೋ ಕೆಲಸಾನೂ ಅಷ್ಟೇ ಇರಬೇಕು. 9ಕ್ಕೂ 11ಕ್ಕೂ ಇದೇ ಲೆಕ್ಕದಾಗ ಒಂದೇ ಪಾಠದೊಳಗಿಂದ ಎರಡೂ ತಗದೀನಿ. ಪ್ರಿಂಟ್ ಹಾಕುವಾಗ ಪ್ರಶ್ನೆ ಒಂದು ಪೇಜಿನ್ಯಾಗ, ಅದರ "ಅಥವಾ" ಇನ್ನೊಂದು ಪೇಜಿನ್ಯಾಗ ಆಗದಂಗ ಮಾತ್ರ ನೋಡ್ರಿ, ಹಂಗಾದ್ರ ಕೆಲವರು ಎರಡೂ ಬರದು ಟೈಮ್ ಕಳ್ಕೋತಾರ. 3+3+6+8, ಒಟ್ಟು 20 ಬರೋಬ್ಬರಿ ಐತಿ. 7ನೇದು ನೀವು ಕ್ಲಾಸಿನ್ಯಾಗ ಮುಗಿಸೀರೇನು? ಇಲ್ಲಾಂದ್ರ ಹೇಳ್ರಿ, ಬ್ಯಾರೆ ಹಾಕ್ತೀನಿ.